ಮೆಟ್ರೊ ಗೇಟಿಗೆ ಕಾರ್ಡ್ ತಾಗಿಸಿದಾಗ ರೊಕ್ಕ ಎಲ್ಲಿಂದ ಹೋಗುತ್ತದೆ?

ಕೊಪ್ಪಳದಿಂದ ಹೊಸಪೇಟೆಗೆ ಹೊರಟ ಬಸ್ಸಿನಲ್ಲಿ ಕಂಡಕ್ಟರ್ ಕೇಳುವ ಮೊದಲ ಮಾತು "ಎಲ್ಲಿಗ್ರೀ?" ಊರು ಹೇಳಿದರೆ ಅವರು ಮಷಿನ್ನಿನಲ್ಲಿ ಹತ್ತಿದ ಸ್ಟೇಜ್, ಇಳಿಯುವ ಸ್ಟೇಜ್ ಒತ್ತಿ ಟಿಕೆಟ್ ಹರಿದು ಕೊಡುತ್ತಾರೆ. ಲೆಕ್ಕ ಅಲ್ಲಿಗೇ ಮುಗಿಯಿತು. ಅದೇ ಪ್ರಯಾಣಿಕ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದು ಮೆಜೆಸ್ಟಿಕ್ ಮೆಟ್ರೊ ನಿಲ್ದಾಣಕ್ಕೆ ಬಂದಾಗ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ಗೇಟಿಗೆ ಕಾರ್ಡ್ ತಾಗಿಸಿದರೆ ಬಾಗಿಲು ತೆರೆಯುತ್ತದೆ. ಎಲ್ಲಿ ಬೇಕಾದರೂ ಇಳಿದು ಮತ್ತೆ ತಾಗಿಸಿದರೆ, ಸರಿಯಾದ ದರವೇ ಕಳೆದಿರುತ್ತದೆ.

ಇದನ್ನು ನೋಡಿದವರು ಸಾಮಾನ್ಯವಾಗಿ ಊಹಿಸುವುದು ಹೀಗೆ: ಗೇಟು ತಕ್ಷಣ ಬ್ಯಾಂಕಿಗೋ ಮೆಟ್ರೊ ಕಚೇರಿಯ ಕಂಪ್ಯೂಟರಿಗೋ ಸುದ್ದಿ ಕಳಿಸುತ್ತದೆ, ಅಲ್ಲಿ ಖಾತೆ ನೋಡಿ ಹಣ ಕಳೆಯುತ್ತಾರೆ, "ಸರಿ" ಎಂದು ಉತ್ತರ ಬರುತ್ತದೆ. ಫೋನ್‌ಪೇ, ಗೂಗಲ್‌ಪೇ ಬಳಸಿ ರೂಢಿಯಾದವರಿಗೆ ಇದೇ ಸಹಜ ಊಹೆ. ಆದರೆ ಮೆಟ್ರೊ ಕಾರ್ಡಿನ ವಿಷಯದಲ್ಲಿ ಇದು ತಪ್ಪು. ಕಾರ್ಡ್ ತಾಗಿಸುವ ಆ ಗಳಿಗೆಯಲ್ಲಿ ಗೇಟು ಯಾರನ್ನೂ ಕೇಳುವುದಿಲ್ಲ. ಕೇಳುತ್ತ ಕುಳಿತರೆ ಬೆಳಗಿನ ಗದ್ದಲದಲ್ಲಿ ಸಾಲು ಮೆಟ್ಟಿಲವರೆಗೆ ಬೆಳೆಯುತ್ತದೆ. ಲಂಡನ್ನಿನ ಸಾರಿಗೆ ಸಂಸ್ಥೆ ತನ್ನ ಗೇಟುಗಳಲ್ಲಿ ಬ್ಯಾಂಕ್ ಕಾರ್ಡುಗಳಿಗೆ ಅವಕಾಶ ಕೊಟ್ಟಾಗ ಇಡೀ ಕೆಲಸಕ್ಕೆ ಇಟ್ಟ ಮಿತಿ ಅರ್ಧ ಸೆಕೆಂಡ್. ಅಷ್ಟರಲ್ಲಿ ಬ್ಯಾಂಕಿಗೆ ಹೋಗಿ ಬರುವುದನ್ನು ನೆಚ್ಚಲಾಗದು. ನಿಲ್ದಾಣ ನೆಲದಡಿ ಇದ್ದು ನೆಟ್‌ವರ್ಕ್ ಕೈಕೊಟ್ಟರಂತೂ ಬಾಗಿಲು ತೆರೆಯುವುದೇ ಇಲ್ಲ.

ಹಾಗಾದರೆ ರೊಕ್ಕ ಎಲ್ಲಿದೆ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಕಾರ್ಡಿನ ಬಗೆಗಿನ ಮುಕ್ಕಾಲು ಗೊಂದಲ ಕರಗುತ್ತದೆ. ಮೂರು ಬಗೆಗಳಿವೆ. ನಮ್ಮ ಮೆಟ್ರೊ ಕಾರ್ಡ್ ಒಂದು ರೊಕ್ಕದ ಚೀಲ. ಹಣ ಅದರೊಳಗೇ ಇದೆ. ಫೋನಿನಲ್ಲಿ ತೋರಿಸುವ ಕ್ಯೂಆರ್ ಒಂದು ಚೀಟಿ. ಹಣ ಮೊದಲೇ ಕೊಟ್ಟಾಗಿದೆ. ಲಂಡನ್ನಿನಂಥ ಊರುಗಳಲ್ಲಿ ತಾಗಿಸುವ ಬ್ಯಾಂಕ್ ಕಾರ್ಡ್ ಅಥವಾ ಫೋನು ಬರೀ ಒಂದು ಹೆಸರು. ಹಣದ ಮಾತು ಆಮೇಲೆ. ಚೀಲದ ಕೆಲಸ ಹೆಚ್ಚು ಸ್ವಾರಸ್ಯದ್ದು, ನಮ್ಮ ಕಡೆಯವರಿಗೆ ಹೆಚ್ಚು ಬಳಕೆಗೆ ಬರುವಂಥದ್ದೂ ಹೌದು. ಹಾಗಾಗಿ ಅದನ್ನೇ ವಿವರವಾಗಿ ನೋಡೋಣ.

ಕಾರ್ಡನ್ನು ಬೆಳಕಿಗೆ ಹಿಡಿದರೆ ಕಾಣದಿದ್ದರೂ ಪ್ಲಾಸ್ಟಿಕ್ಕಿನ ಪದರದೊಳಗೆ ಅಂಚಿನ ಸುತ್ತ ತೆಳು ತಂತಿಯ ಕೆಲವು ಸುತ್ತುಗಳಿವೆ. ಅವುಗಳ ತುದಿಗೆ ಜೋಳದ ಕಾಳಿಗಿಂತ ಚಿಕ್ಕ ಚಿಪ್ ಒಂದಿದೆ. ಬ್ಯಾಟರಿ ಇಲ್ಲ. ಗೇಟಿನ ಮೇಲಿರುವ ರೀಡರ್ 13.56 ಮೆಗಾಹರ್ಟ್ಸ್ ಆವರ್ತನದಲ್ಲಿ ಸದಾ ಒಂದು ಕಾಂತಕ್ಷೇತ್ರವನ್ನು ಹರಡುತ್ತಿರುತ್ತದೆ. ಕಾರ್ಡ್ ಅದರೊಳಗೆ ಬಂದಾಗ ತಂತಿಯ ಸುರುಳಿಯಲ್ಲಿ ಕರೆಂಟ್ ಹುಟ್ಟಿ ಚಿಪ್ ಎಚ್ಚರಗೊಳ್ಳುತ್ತದೆ. ಟ್ರಾನ್ಸ್‌ಫಾರ್ಮರಿನ ಒಂದು ಸುರುಳಿಯಿಂದ ಇನ್ನೊಂದಕ್ಕೆ ವಿದ್ಯುತ್ ದಾಟುತ್ತದಲ್ಲ, ಇದೂ ಅದೇ ತತ್ವ. ಕ್ಷೇತ್ರ ಕೆಲವು ಸೆಂಟಿಮೀಟರ್ ಆಚೆಗೆ ಸೋತು ಹೋಗುವುದರಿಂದ ಕಾರ್ಡನ್ನು ಹತ್ತಿರ ಒಯ್ಯಲೇಬೇಕು. ಬೀಸಿ ಎಳೆದುಕೊಂಡರೆ ಕೆಲಸ ಆಗುವುದಿಲ್ಲ. ಒಂದು ಕ್ಷಣ ನಿಲ್ಲಿಸಬೇಕು.

ಎಚ್ಚರಗೊಂಡ ಚಿಪ್ ಮತ್ತು ರೀಡರ್ ಮೊದಲು ಮಾಡುವುದು ಒಬ್ಬರನ್ನೊಬ್ಬರು ಪರೀಕ್ಷಿಸುವ ಕೆಲಸ. ರೀಡರಿನೊಳಗೆ ಸಿಮ್ ಕಾರ್ಡಿನಷ್ಟೇ ಗಾತ್ರದ ಇನ್ನೊಂದು ಭದ್ರತಾ ಚಿಪ್ ಇರುತ್ತದೆ. ಗುಪ್ತ ಕೀಲಿಗಳಿರುವುದು ಅದರಲ್ಲಿ. ರೀಡರ್ ಮನಸ್ಸಿಗೆ ಬಂದ ಒಂದು ಸಂಖ್ಯೆಯನ್ನು ಕಾರ್ಡಿಗೆ ಕೊಟ್ಟು "ಇದನ್ನು ನಿನ್ನ ಕೀಲಿಯಿಂದ ತಿರುಚಿ ಕೊಡು" ಎನ್ನುತ್ತದೆ. ಕಾರ್ಡೂ ತನ್ನದೊಂದು ಸಂಖ್ಯೆ ಕೊಟ್ಟು ಅದೇ ಪರೀಕ್ಷೆ ಒಡ್ಡುತ್ತದೆ. ಎರಡೂ ಉತ್ತರ ತಾಳೆಯಾದರೆ ಮಾತ್ರ ಮುಂದಿನ ಮಾತು. ಕೀಲಿ ಗಾಳಿಯಲ್ಲಿ ಹಾದು ಹೋಗುವುದೇ ಇಲ್ಲ, ಪ್ರತಿ ಸಲದ ಸಂಖ್ಯೆಯೂ ಬೇರೆ. ಹೀಗಾಗಿ ಪಕ್ಕದಲ್ಲಿ ನಿಂತು ಕದ್ದು ಕೇಳಿದವನು ಅದನ್ನೇ ಇನ್ನೊಮ್ಮೆ ಹೇಳಿ ಒಳನುಗ್ಗಲಾಗದು. ಜಗತ್ತಿನ ಅನೇಕ ಸಾರಿಗೆ ಕಾರ್ಡುಗಳಲ್ಲಿರುವ ಡೆಸ್‌ಫೈರ್ ಎಂಬ ಚಿಪ್ಪು ಕೆಲಸ ಮಾಡುವುದು ಹೀಗೆ.

ಪರಿಚಯ ಮುಗಿದ ಮೇಲೆ ಗೇಟು ಕಾರ್ಡಿನ ಒಳಗಿನ ಪುಟ ಓದುತ್ತದೆ. ಅಲ್ಲಿ ಬಹಳವೇನೂ ಇಲ್ಲ: ಎಷ್ಟು ರೊಕ್ಕ ಉಳಿದಿದೆ, ಕಾರ್ಡಿನ ಅವಧಿ ಎಂದಿನವರೆಗೆ, ಕಾರ್ಡ್ ಈಗ "ಒಳಗೆ" ಇದೆಯೋ "ಹೊರಗೆ" ಇದೆಯೋ, ಕೊನೆಯ ಕೆಲವು ಪ್ರಯಾಣಗಳ ಗುರುತು. ಕಳೆದುಹೋದ ಅಥವಾ ತಡೆಹಿಡಿದ ಕಾರ್ಡುಗಳ ಕಪ್ಪುಪಟ್ಟಿಯೊಂದು ಗೇಟಿನ ನೆನಪಿನಲ್ಲೇ ಇರುತ್ತದೆ. ಈ ಕಾರ್ಡಿನ ಸಂಖ್ಯೆ ಅದರಲ್ಲಿಲ್ಲ ಎಂದು ನೋಡಿಕೊಳ್ಳುತ್ತದೆ. ಎಲ್ಲ ಸರಿ ಇದ್ದರೆ ಕಾರ್ಡಿನ ಮೇಲೆ ನಿಲ್ದಾಣದ ಸಂಕೇತ, ಸಮಯ, ಗೇಟಿನ ಸಂಖ್ಯೆ ಬರೆದು, ಸ್ಥಿತಿಯನ್ನು "ಒಳಗೆ" ಎಂದು ಬದಲಿಸುತ್ತದೆ. ಬರೆದದ್ದು ಸರಿಯಾಗಿ ಕೂತಿತು ಎಂದು ಕಾರ್ಡ್ ಒಪ್ಪಿದ ಮೇಲೆ ಬಾಗಿಲು. ಹಣ ಮಾತ್ರ ಇನ್ನೂ ಒಂದು ಪೈಸೆಯೂ ಕಡಿಮೆಯಾಗಿಲ್ಲ.

ಇಲ್ಲಿಯೇ ಕನಿಷ್ಠ ಬ್ಯಾಲೆನ್ಸಿನ ಕಥೆ ಬರುವುದು. ನೀವು ಎಲ್ಲಿ ಇಳಿಯುತ್ತೀರಿ ಎಂಬುದು ಒಳಗೆ ಬಿಡುವ ಗೇಟಿಗೆ ಗೊತ್ತಿಲ್ಲ. ಮುಂದಿನ ನಿಲ್ದಾಣವೂ ಆಗಬಹುದು, ಊರಿನ ಆಚೆ ತುದಿಯೂ ಆಗಬಹುದು. ಇಳಿಯುವ ಕಡೆ ಕಾರ್ಡಿನಲ್ಲಿ ಹಣ ಸಾಲದಿದ್ದರೆ ಪ್ರಯಾಣಿಕ ಗೇಟಿನ ಒಳಗೇ ಸಿಕ್ಕಿಕೊಳ್ಳುತ್ತಾನೆ. ಅದಕ್ಕೆ ನಮ್ಮ ಮೆಟ್ರೊ ಮಾಡಿಕೊಂಡ ಉಪಾಯ ನೇರವಾದದ್ದು: ಅತಿ ದೂರದ ಪ್ರಯಾಣಕ್ಕೆ ಬೇಕಾಗುವಷ್ಟು ಹಣ ಒಳಬರುವಾಗಲೇ ಕಾರ್ಡಿನಲ್ಲಿರಬೇಕು. 2025ರ ಫೆಬ್ರುವರಿಯಲ್ಲಿ ದರ ಪರಿಷ್ಕರಣೆಯಾಗಿ ಕನಿಷ್ಠ ದರ 10 ರೂಪಾಯಿ, ಗರಿಷ್ಠ ದರ 90 ರೂಪಾಯಿ ಆಯಿತು. ಆಗಲೇ ಕನಿಷ್ಠ ಬ್ಯಾಲೆನ್ಸ್ 50ರಿಂದ 90ಕ್ಕೆ ಏರಿತು. ಈ 90 ದಂಡವೂ ಅಲ್ಲ, ಠೇವಣಿಯೂ ಅಲ್ಲ. ಎಲ್ಲಿ ಇಳಿದರೂ ಹೊರಗೆ ಬರಬಹುದು ಎಂಬ ಖಾತರಿ ಅದು.

ಹೊರಬರುವ ಗೇಟಿನಲ್ಲಿ ಅದೇ ಪರಿಚಯ ಮತ್ತೆ ನಡೆಯುತ್ತದೆ. ಈ ಸಲ ಗೇಟು ಕಾರ್ಡಿನಿಂದ "ಎಲ್ಲಿ ಹತ್ತಿದ್ದು, ಯಾವಾಗ" ಎಂಬುದನ್ನು ಓದುತ್ತದೆ. ತಾನಿರುವ ನಿಲ್ದಾಣ ಅದಕ್ಕೆ ಗೊತ್ತೇ ಇದೆ. ಇವೆರಡರ ನಡುವಿನ ದೂರವನ್ನು ಅದು ಅಳೆಯುವುದಿಲ್ಲ, ರೈಲು ಯಾವ ದಾರಿಯಲ್ಲಿ ಬಂತು ಎಂದೂ ನೋಡುವುದಿಲ್ಲ. ಮಗ್ಗಿ ಪುಸ್ತಕದ ಹಾಗೆ ಸಾಲು ಮತ್ತು ಕಂಬಸಾಲುಗಳ ಒಂದು ದರಪಟ್ಟಿ ಅದರ ನೆನಪಿನಲ್ಲಿದೆ: ಎಡಗಡೆ ಹತ್ತಿದ ನಿಲ್ದಾಣ, ಮೇಲುಗಡೆ ಇಳಿದ ನಿಲ್ದಾಣ, ಎರಡೂ ಕೂಡುವ ಮನೆಯಲ್ಲಿ ದರ. ಎಂಬತ್ತು ನಿಲ್ದಾಣಗಳಿದ್ದರೆ ಪಟ್ಟಿಯಲ್ಲಿ 6,400 ಮನೆಗಳು. ಹೋಗುವುದಕ್ಕೂ ಬರುವುದಕ್ಕೂ ಒಂದೇ ದರವಾದ್ದರಿಂದ ನಿಜವಾಗಿ ಬೇರೆ ಬೇರೆಯಾದ ಜೋಡಿಗಳು 3,160. ಇಂದಿನ ಚಿಪ್ಪಿಗೆ ಇದು ಏನೂ ಅಲ್ಲ. ದರ ಬದಲಾದಾಗ ಹೊಸ ಪಟ್ಟಿಯನ್ನು "ಇಂಥ ದಿನದಿಂದ ಜಾರಿ" ಎಂಬ ಗುರುತಿನೊಂದಿಗೆ ಮೊದಲೇ ಎಲ್ಲ ಗೇಟುಗಳಿಗೂ ಕಳಿಸಿಡುತ್ತಾರೆ. ಆ ಬೆಳಿಗ್ಗೆ ಗೇಟು ತಾನಾಗಿಯೇ ಹಳೆಯ ಪಟ್ಟಿ ಬಿಟ್ಟು ಹೊಸದನ್ನು ಹಿಡಿಯುತ್ತದೆ.

ಒಂದು ಪ್ರಯಾಣವನ್ನು ಲೆಕ್ಕ ಹಾಕಿಯೇ ನೋಡೋಣ. ಕೊಪ್ಪಳದ ಒಬ್ಬರು ವಾರದ ದಿನ ಬೆಳಿಗ್ಗೆ 7.15ಕ್ಕೆ ಮೆಜೆಸ್ಟಿಕ್ ಗೇಟಿನಲ್ಲಿ ನಮ್ಮ ಮೆಟ್ರೊ ಕಾರ್ಡ್ ತಾಗಿಸುತ್ತಾರೆ. ಕಾರ್ಡಿನಲ್ಲಿ 100 ರೂಪಾಯಿ ಇದೆ. 90ಕ್ಕಿಂತ ಹೆಚ್ಚಿರುವುದರಿಂದ ಬಾಗಿಲು ತೆರೆಯಿತು. ಅವರು ಇಳಿಯುವ ನಿಲ್ದಾಣಕ್ಕೆ ಟೋಕನ್ ದರ 60 ರೂಪಾಯಿ ಎಂದು ಇಟ್ಟುಕೊಳ್ಳಿ. ಕಾರ್ಡಿಗೆ ಯಾವಾಗಲೂ ಶೇ. 5 ರಿಯಾಯಿತಿ ಇದೆ. ಅದರ ಮೇಲೆ, ವಾರದ ದಿನಗಳಲ್ಲಿ ಮೊದಲ ರೈಲಿನಿಂದ ಬೆಳಿಗ್ಗೆ 8ರವರೆಗೆ, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ನಂತರ ಒಳಹೊಕ್ಕವರಿಗೆ ಇನ್ನೂ ಶೇ. 5 ಸೇರುತ್ತದೆ. ಇವರು ಹೊಕ್ಕದ್ದು 7.15ಕ್ಕೆ. ಹಾಗಾಗಿ ಒಟ್ಟು ಶೇ. 10:

60 × 0.90 = 54

ಹೊರಗೇಟು ಚಿಪ್ಪಿನಲ್ಲಿದ್ದ 100ರಿಂದ 54 ಕಳೆದು 46 ಎಂದು ಬರೆಯಿತು, ಸ್ಥಿತಿಯನ್ನು "ಹೊರಗೆ" ಎಂದು ಬದಲಿಸಿತು, ಉಳಿದ ಹಣವನ್ನು ಪರದೆಯ ಮೇಲೆ ತೋರಿಸಿತು. ರಿಯಾಯಿತಿಗೆ ಲೆಕ್ಕಕ್ಕೆ ಬರುವುದು ಒಳಹೊಕ್ಕ ಸಮಯ ಎಂಬುದನ್ನು ಗಮನಿಸಬೇಕು. 7.58ಕ್ಕೆ ಹೊಕ್ಕು 8.40ಕ್ಕೆ ಇಳಿದರೂ ಶೇ. 10 ಸಿಗುತ್ತದೆ, 8.02ಕ್ಕೆ ಹೊಕ್ಕರೆ ಶೇ. 5 ಮಾತ್ರ. ನಾಲ್ಕು ನಿಮಿಷಕ್ಕೆ ಇಲ್ಲಿ ಮೂರು ರೂಪಾಯಿ ವ್ಯತ್ಯಾಸ.

ಸಂಜೆ 5.30ಕ್ಕೆ ಅವರು ಊರಿಗೆ ಹೋಗುವ ರೈಲು ಹಿಡಿಯಲು ಅದೇ ನಿಲ್ದಾಣಕ್ಕೆ ವಾಪಸ್ ಬಂದಾಗ ಗೇಟು ತೆರೆಯುವುದಿಲ್ಲ. ಸಂಜೆಯ ದರ ಶೇ. 5 ರಿಯಾಯಿತಿ ಕಳೆದು 57 ರೂಪಾಯಿ. ಕಾರ್ಡಿನಲ್ಲಿರುವುದು 46. "11 ರೂಪಾಯಿ ಹಾಕಿಸಿದರೆ ಆಯ್ತಲ್ಲ" ಎಂದು ಅನಿಸುವುದು ಸಹಜ. ಆದರೆ ಇವರು ಮೆಜೆಸ್ಟಿಕ್‌ಗೇ ಹೋಗುತ್ತಾರೆಂದು ಗೇಟಿಗೆ ಗೊತ್ತಿಲ್ಲವಲ್ಲ! ಅದು ನೋಡುವುದು 90 ಇದೆಯೇ ಎಂದು ಮಾತ್ರ. ಕೊರತೆ 11 ಅಲ್ಲ, 44. ರೈಲಿನ ಸಮಯ ಹತ್ತಿರ ಬಂದಾಗ ಕೌಂಟರಿನ ಸಾಲಿನಲ್ಲಿ ನಿಲ್ಲುವ ಪರದಾಟ ತಪ್ಪಿಸಬೇಕೆಂದರೆ ಲೆಕ್ಕ ಸುಲಭ: ದಿನದ ಕೊನೆಯ ಪ್ರಯಾಣ ಬಿಟ್ಟು ಉಳಿದ ಪ್ರಯಾಣಗಳ ದರ ಕೂಡಿಸಿ, ಅದಕ್ಕೆ 90 ಸೇರಿಸಿ. ಈ ಉದಾಹರಣೆಯಲ್ಲಿ 54 + 90 = 144. ಬೆಳಿಗ್ಗೆಯೇ ಅಷ್ಟು ಇದ್ದಿದ್ದರೆ ಸಂಜೆ ಗೇಟು ತಡೆಯುತ್ತಿರಲಿಲ್ಲ.

ಇನ್ನು ಕೈಕೊಡುವ ಜಾಗಗಳು. ಇವುಗಳಲ್ಲಿ ಅತ್ಯಂತ ಸೂಕ್ಷ್ಮವಾದದ್ದು, ಬರೆಯುತ್ತಿರುವಾಗಲೇ ಕಾರ್ಡ್ ಎಳೆದುಕೊಳ್ಳುವುದು. ಕಾರ್ಡಿಗೆ ಸ್ವಂತ ವಿದ್ಯುತ್ ಇಲ್ಲ. ದೂರ ಸರಿದ ಕ್ಷಣವೇ ಚಿಪ್ ಸತ್ತ ಹಾಗೆ. ಹಣ ಕಳೆದು, "ಹೊರಗೆ" ಎಂದು ಬರೆಯುವ ಮೊದಲೇ ಹೀಗಾದರೆ? ಇದಕ್ಕೆ ಚಿಪ್ಪಿನೊಳಗೇ ಮದ್ದಿದೆ. ಹೊಸ ಬ್ಯಾಲೆನ್ಸು, ಹೊಸ ಸ್ಥಿತಿ ಎಲ್ಲವನ್ನೂ ಅದು ಮೊದಲು ಪಕ್ಕದ ಹಾಳೆಯ ಮೇಲೆ ಬರೆದುಕೊಳ್ಳುತ್ತದೆ. ರೀಡರ್ ಕೊನೆಯಲ್ಲಿ "ಖಾಯಂ ಮಾಡು" ಎಂದಾಗ ಮಾತ್ರ ಆ ಹಾಳೆ ಅಸಲಿ ಪುಟವಾಗುತ್ತದೆ. ನಡುವೆ ಕರೆಂಟ್ ಹೋದರೆ ಹಳೆಯ ಪುಟವೇ ಉಳಿಯುತ್ತದೆ. ಅರ್ಧ ಕಳೆದು ಅರ್ಧ ಬರೆದ ಸ್ಥಿತಿ ಬರುವುದಿಲ್ಲ.

ಆದರೂ ಒಂದು ಸಂದು ಉಳಿಯುತ್ತದೆ. ಕಾರ್ಡ್ ಖಾಯಂ ಮಾಡಿಕೊಂಡು "ಆಯ್ತು" ಎಂದು ಉತ್ತರಿಸುವಷ್ಟರಲ್ಲಿ ನೀವು ಎಳೆದುಕೊಂಡಿರಿ. ಕಾರ್ಡಿನ ಪ್ರಕಾರ ಕೆಲಸ ಮುಗಿದಿದೆ. ಗೇಟಿಗೆ ಆ ಉತ್ತರ ತಲುಪಿಲ್ಲ, ಬಾಗಿಲು ತೆರೆದಿಲ್ಲ. ಮತ್ತೆ ತೋರಿಸಿ ಎಂದು ಅದು ಹೇಳುತ್ತದೆ. ಆಗ ಹೆಚ್ಚಿನವರು ಮಾಡುವ ತಪ್ಪು ಪಕ್ಕದ ಗೇಟಿಗೆ ಓಡುವುದು. ಮೊದಲ ಗೇಟು ಆ ಕಾರ್ಡಿನ ಸಂಖ್ಯೆಯನ್ನು, ತಾನು ಬರೆಯಲು ಹೊರಟದ್ದನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ. ಅದೇ ಕಾರ್ಡ್ ಮತ್ತೆ ಬಂದರೆ ಒಳಗಿನ ಕ್ರಮಸಂಖ್ಯೆ ನೋಡಿ, "ಓ, ಆಗಲೇ ಬರೆದಾಗಿದೆ" ಎಂದು ತಿಳಿದು, ಇನ್ನೊಮ್ಮೆ ಹಣ ಕಳೆಯದೆ ಬಾಗಿಲು ಬಿಡುತ್ತದೆ. ಪಕ್ಕದ ಗೇಟಿಗೆ ಈ ಹಿನ್ನೆಲೆ ಗೊತ್ತಿಲ್ಲ. ಅದು ನೋಡುವುದು, ಹೊರಗೆ ಹೋಗಿ ಮುಗಿದ ಕಾರ್ಡೊಂದು ಮತ್ತೆ ಹೊರಗೆ ಹೋಗಲು ಬಂದಿರುವುದನ್ನು. ತಡೆಯುತ್ತದೆ. ಹಾಗಾಗಿ ಕೆಂಪು ದೀಪ ಬಂದರೆ ನಿಂತ ಕಡೆಯೇ, ಅದೇ ಕಾರ್ಡನ್ನು, ಪರ್ಸಿನಿಂದ ಹೊರತೆಗೆದು, ಒಂದು ಸೆಕೆಂಡು ಪೂರ್ತಿ ಇಡಿ. ಪರ್ಸಿನಿಂದ ತೆಗೆಯಿರಿ ಎಂದದ್ದಕ್ಕೆ ಕಾರಣವಿದೆ: ಪಕ್ಕದಲ್ಲಿ ಅಲೆಗಳ ಗುರುತಿರುವ, ತಾಗಿಸಿ ಹಣ ಕೊಡುವ ಡೆಬಿಟ್ ಕಾರ್ಡ್ ಇದ್ದರೆ ಎರಡು ಚಿಪ್ಪೂ ಒಟ್ಟಿಗೆ ಎದ್ದು ಉತ್ತರಿಸುತ್ತವೆ, ರೀಡರ್ ಎರಡನ್ನೂ ಒಪ್ಪುವುದಿಲ್ಲ.

ಎರಡನೆಯ ತೊಂದರೆ, ತಾಗಿಸದೆ ದಾಟುವುದು. ಮುಂದಿನವರ ಬೆನ್ನಿಗೇ ಹತ್ತಿಕೊಂಡು ಹೊರಗೆ ಬಂದರೆ, ಅಥವಾ ಸಾಮಾನು ದಾಟಿಸಲೆಂದು ಸಿಬ್ಬಂದಿ ಪಕ್ಕದ ಬಾಗಿಲು ತೆರೆದು ಬಿಟ್ಟರೆ, ಕಾರ್ಡಿನ ಮೇಲೆ "ಒಳಗೆ" ಎಂದೇ ಉಳಿದಿರುತ್ತದೆ. ಅವತ್ತು ಏನೂ ಗೊತ್ತಾಗುವುದಿಲ್ಲ. ತಿಂಗಳು ಬಿಟ್ಟು ಮತ್ತೆ ಬೆಂಗಳೂರಿಗೆ ಬಂದಾಗ ಕಾರ್ಡ್ ತುಂಬ ಹಣವಿದ್ದರೂ ಗೇಟು ಬಿಡುವುದಿಲ್ಲ. ಒಳಗಿರುವ ಕಾರ್ಡ್ ಹೇಗೆ ಒಳಗೆ ಬರುತ್ತದೆ? ಗಂಡ ಹೆಂಡತಿ ಇಬ್ಬರೂ ಒಂದೇ ಕಾರ್ಡಿನಲ್ಲಿ ಹೋಗಲಾಗದಿರುವುದಕ್ಕೂ ಇದೇ ಕಾರಣ. ಒಬ್ಬರು ಒಳಗೆ ಹೋದ ಮೇಲೆ ಕಾರ್ಡ್ "ಒಳಗೆ" ಆಯಿತು. ಹಳೆಯ ಗುರುತು ಉಳಿದ ಕಾರ್ಡನ್ನು ಕಸ್ಟಮರ್ ಕೇರ್ ಕೌಂಟರಿನಲ್ಲಿ ಕೊಡಬೇಕು. ಅವರ ರೀಡರ್ ಕೊನೆಯ ಪ್ರಯಾಣಗಳನ್ನು ತೋರಿಸುತ್ತದೆ, ನಿಯಮದ ಪ್ರಕಾರ ಬಾಕಿ ದರ ಕಳೆದು ಸ್ಥಿತಿಯನ್ನು ಸರಿ ಮಾಡುತ್ತಾರೆ. ಎಲ್ಲಿ ಇಳಿದಿರಿ ಎಂಬುದು ನೆನಪಿದ್ದರೆ ಹೇಳಿ. ಕಾರ್ಡಿಗೆ ಅದು ಗೊತ್ತಿಲ್ಲ.

ಮೂರನೆಯದು ಈಗ ಎಲ್ಲಕ್ಕಿಂತ ಹೆಚ್ಚು ಜನರನ್ನು ಕಾಡುವಂಥದ್ದು: "ಮೊಬೈಲಿನಲ್ಲಿ 500 ಹಾಕಿದ್ದೇನೆ, ಗೇಟು ಇಲ್ಲ ಎನ್ನುತ್ತದೆ." ಚೀಲದ ಹೋಲಿಕೆ ನೆನಪಿಸಿಕೊಂಡರೆ ಉತ್ತರ ತಾನಾಗಿ ಬರುತ್ತದೆ. ಬಳ್ಳಾರಿಯ ಮನೆಯಲ್ಲಿ ಕುಳಿತು ಆ್ಯಪಿನಲ್ಲಿ ರೀಚಾರ್ಜ್ ಮಾಡಿದಾಗ ಹಣ ಹೋದದ್ದು ದೂರದ ಕಂಪ್ಯೂಟರಿಗೆ. ಕಾರ್ಡ್ ಮೇಜಿನ ಮೇಲೆ ಬಿದ್ದಿತ್ತು. ಅದರ ಚಿಪ್ಪಿಗೆ ಯಾರೂ ಏನೂ ಬರೆದಿಲ್ಲ. ಮೆಟ್ರೊ ಸಂಸ್ಥೆಯ ಸ್ವಂತ ಕಾರ್ಡಿನಲ್ಲಿ ಇದಕ್ಕೆ ಮಾಡುವ ವ್ಯವಸ್ಥೆ, "ಈ ಸಂಖ್ಯೆಯ ಕಾರ್ಡ್ ಬಂದರೆ ಇಷ್ಟು ಸೇರಿಸು" ಎಂಬ ಪಟ್ಟಿಯನ್ನು ನಿಲ್ದಾಣಗಳಿಗೆ ಕಳಿಸುವುದು. ಪಟ್ಟಿ ತಲುಪಲು ಸಮಯ ಬೇಕು. ಗೇಟಿನ ಎದುರು ನಿಂತು ರೀಚಾರ್ಜ್ ಮಾಡಿ ತಕ್ಷಣ ತಾಗಿಸಿದರೆ ಅದು ಇನ್ನೂ ಬಂದಿರಲಿಕ್ಕಿಲ್ಲ.

ಎನ್‌ಸಿಎಂಸಿ ಎಂದು ಕರೆಯುವ ರಾಷ್ಟ್ರೀಯ ಕಾರ್ಡಿನಲ್ಲಿ ಈ ಎರಡು ಜಾಗದ ವ್ಯವಹಾರ ಇನ್ನೂ ಸ್ಪಷ್ಟ. 2019ರ ಮಾರ್ಚ್ 4ರಂದು ಅಹಮದಾಬಾದಿನಲ್ಲಿ ಬಿಡುಗಡೆಯಾದ ಇದು ರುಪೇ ಚಿಪ್ಪಿನ ಮೇಲೆ ನಿಂತಿದೆ. ಬೇರೆ ಬೇರೆ ಬ್ಯಾಂಕುಗಳು ಕೊಡುತ್ತವೆ. ನಮ್ಮ ಮೆಟ್ರೊ ಗೇಟುಗಳು 2023ರಿಂದ ಇದನ್ನು ಓದುತ್ತಿವೆ. ಈ ಕಾರ್ಡಿನಲ್ಲಿ ಎರಡು ಲೆಕ್ಕಗಳಿವೆ. ಒಂದು ಬ್ಯಾಂಕಿನ ಕಡೆ ಇರುವ ಆನ್‌ಲೈನ್ ಹಣ. ಅಂಗಡಿಯಲ್ಲಿ ಪಿನ್ ಒತ್ತಿ ಬಳಸುವುದು ಅದನ್ನೇ. ಇನ್ನೊಂದು ಚಿಪ್ಪಿನೊಳಗಿನ ಆಫ್‌ಲೈನ್ ಹಣ. ಗೇಟಿಗೆ ಕಾಣುವುದು ಇದೊಂದೇ. ನಿಮ್ಮ ಉಳಿತಾಯ ಖಾತೆಯಲ್ಲಿ ಲಕ್ಷ ರೂಪಾಯಿ ಇದ್ದು, ಡೆಬಿಟ್ ಕಾರ್ಡ್ ಎನ್‌ಸಿಎಂಸಿ ಆಗಿದ್ದರೂ, ಚಿಪ್ಪಿಗೆ ಹಣ ತುಂಬಿಸದಿದ್ದರೆ ಗೇಟಿನ ಪಾಲಿಗೆ ಅದು ಸೊನ್ನೆಯ ಕಾರ್ಡ್. ಆ ತುಂಬಿಸುವ ಕೆಲಸಕ್ಕೆ ಕಾರ್ಡ್ ಒಂದು ಯಂತ್ರದ ಮೇಲೆ ಇರಬೇಕು, ಆ ಯಂತ್ರಕ್ಕೆ ಬ್ಯಾಂಕಿನ ಸಂಪರ್ಕವೂ ಇರಬೇಕು. ಬ್ಯಾಂಕ್ ಕಳಿಸಿದ ಅಪ್ಪಣೆ ನಿಜವೇ ಎಂದು ಚಿಪ್ ಪರೀಕ್ಷಿಸಿ ತನ್ನ ಹಣ ಹೆಚ್ಚಿಸಿಕೊಳ್ಳುತ್ತದೆ. ನಿಲ್ದಾಣದ ಕೌಂಟರಿನಲ್ಲಿ "ಬ್ಯಾಲೆನ್ಸ್ ಅಪ್‌ಡೇಟ್ ಮಾಡಿ" ಎಂದು ಕೇಳಿದರೆ ಮಾಡುವುದು ಇದನ್ನೇ. ಇಂಥ ಕಾರ್ಡನ್ನು ಓದಬಲ್ಲ ಎನ್‌ಎಫ್‌ಸಿ ಸೌಲಭ್ಯವಿರುವ ಫೋನಿನ ಹಿಂಬದಿಗೆ ಕಾರ್ಡ್ ಒತ್ತಿ ಹಿಡಿದು ಇದನ್ನು ಮನೆಯಲ್ಲೇ ಮಾಡಿಕೊಳ್ಳಲು ಕೆಲವು ಬ್ಯಾಂಕುಗಳ ಆ್ಯಪಿನಲ್ಲಿ ಅವಕಾಶವಿದೆ. ಊರು ಬಿಡುವ ಮೊದಲೇ ಮಾಡಿಕೊಂಡರೆ ಒಳ್ಳೆಯದು.

ಕಾರ್ಡಿನ ಮೇಲೆ ನಾಲ್ಕು ಅಲೆಗಳ ಗುರುತು ಇದ್ದ ಮಾತ್ರಕ್ಕೆ ಅದು ಎನ್‌ಸಿಎಂಸಿ ಆಗುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆ ಅಲೆಗಳು ಹೇಳುವುದು ತಾಗಿಸಿ ಹಣ ಕೊಡಬಹುದು ಎಂದಷ್ಟೇ. ಅಂಗಡಿಯಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆ ನಡೆಯುವ ವ್ಯವಹಾರ ಅದು, ಬ್ಯಾಂಕನ್ನು ಕೇಳಿಯೇ ಆಗುವಂಥದ್ದು. ಗೇಟಿಗೆ ಬೇಕಾದ ಚೀಲ ಅದರಲ್ಲಿಲ್ಲ. ರಾಯಚೂರಿನಿಂದ ಆಸ್ಪತ್ರೆಗೋ ಸಂತೆಗೋ ಹೈದರಾಬಾದಿಗೆ ಹೋಗಿ ಬರುವವರು ಬಹಳ. ನಮ್ಮ ಮೆಟ್ರೊದ ಸ್ವಂತ ಕಾರ್ಡನ್ನು ಅಲ್ಲಿಯ ಗೇಟಿಗೆ ಹಿಡಿದರೂ ಪ್ರಯೋಜನವಿಲ್ಲ. ಚಿಪ್ ಎಚ್ಚರಗೊಳ್ಳುತ್ತದೆ, ಆದರೆ ಅಲ್ಲಿಯ ಗೇಟಿನ ಬಳಿ ಇದರ ಕೀಲಿ ಇಲ್ಲ. ಮೊದಲ ಪರೀಕ್ಷೆಯಲ್ಲೇ ಮಾತು ಮುರಿಯುತ್ತದೆ.

ಫೋನಿನ ಕಡೆ ಬರೋಣ. ನಮ್ಮ ಮೆಟ್ರೊದಲ್ಲಿ 2022ರ ನವೆಂಬರ್ 1ರಿಂದ ಫೋನಿನಲ್ಲಿ ಕ್ಯೂಆರ್ ಟಿಕೆಟ್ ಸಿಗುತ್ತಿದೆ. ಇದನ್ನೂ ಗೇಟಿನ ಮೇಲೆ ಹಿಡಿಯುವುದರಿಂದ ಕಾರ್ಡಿನ ಹಾಗೆಯೇ ಎಂದು ತೋರಿದರೂ ಒಳಗಿನ ಕೆಲಸ ಪೂರ್ತಿ ಬೇರೆ. ಇಲ್ಲಿ ರೇಡಿಯೊ ಇಲ್ಲ, ಬರೀ ಕ್ಯಾಮೆರಾ. ಎಲ್ಲಿಂದ ಎಲ್ಲಿಗೆ ಎಂದು ನೀವು ಮೊದಲೇ ಹೇಳಿ ಹಣ ಕೊಟ್ಟಿದ್ದೀರಿ, ನಮ್ಮ ಬಸ್ ಕಂಡಕ್ಟರಿಗೆ ಹೇಳಿದ ಹಾಗೆ. ಆ ಕಪ್ಪು ಬಿಳಿ ಚೌಕದಲ್ಲಿ ಟಿಕೆಟ್ ಸಂಖ್ಯೆ, ನಿಲ್ದಾಣಗಳು, ಅವಧಿ ಮತ್ತು ಕೊನೆಯಲ್ಲಿ ಮೆಟ್ರೊದ ಗಣಿತ ಮುದ್ರೆ ಇರುತ್ತವೆ. ಮುದ್ರೆ ಅಸಲಿ ಎಂದು ಗೇಟು ತಾನೇ ಪರೀಕ್ಷಿಸಬಲ್ಲದು. ದರ ಲೆಕ್ಕ ಹಾಕುವ ಕೆಲಸ ಅದಕ್ಕಿಲ್ಲ.

ಆದರೆ ಚೀಟಿಗೆ ಚೀಲಕ್ಕಿಲ್ಲದ ಒಂದು ದೌರ್ಬಲ್ಯವಿದೆ: ಅದರ ಮೇಲೆ ಏನನ್ನೂ ಬರೆಯಲಾಗದು. ಕಾರ್ಡಾದರೆ "ಒಳಗೆ" ಎಂಬ ಗುರುತನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ಕ್ಯೂಆರ್ ಚಿತ್ರದ ಸ್ಕ್ರೀನ್‌ಶಾಟನ್ನು ನಾಲ್ಕು ಜನಕ್ಕೆ ಕಳಿಸಿದರೆ ನಾಲ್ಕೂ ಒಂದೇ. ಹಾಗಾಗಿ ಈ ಸಂಖ್ಯೆ ಬಳಕೆಯಾಯಿತು ಎಂಬುದನ್ನು ಗೇಟುಗಳು ತಮ್ಮ ಕಂಪ್ಯೂಟರಿಗೆ ಹೇಳಿ ಹಂಚಿಕೊಳ್ಳಬೇಕಾಗುತ್ತದೆ. ಟಿಕೆಟ್‌ನಲ್ಲಿ ಹೇಳಿದ ನಿಲ್ದಾಣ ದಾಟಿ ಮುಂದೆ ಇಳಿದರೆ ಗೇಟು ವ್ಯತ್ಯಾಸ ಕಳೆದುಕೊಳ್ಳುವುದಿಲ್ಲ, ಕಳೆಯಲು ಅದರಲ್ಲಿ ಹಣವೇ ಇಲ್ಲ, ಕೌಂಟರಿಗೆ ಹೋಗಬೇಕು. ಕ್ಯಾಮೆರಾ ಓದದೇ ಹೋಗುವ ಕಾರಣಗಳು ಸಾದಾ: ಪರದೆಯ ಬೆಳಕು ಕಡಿಮೆ, ಗಾಜು ಒಡೆದಿದೆ, ಅಥವಾ ಬ್ಯಾಟರಿ ಮುಗಿದಿದೆ. ರಾತ್ರಿಯಿಡೀ ರೈಲಿನಲ್ಲಿ ಬಂದವರಿಗೆ ಕೊನೆಯದು ನಿಜವಾದ ಅಪಾಯ.

ಫೋನನ್ನೇ ಕಾರ್ಡಿನಂತೆ ತಾಗಿಸುವ ಪದ್ಧತಿ ಹೊರದೇಶಗಳಲ್ಲಿ ಎರಡು ರೀತಿ ಬೆಳೆದಿದೆ. ಜಪಾನಿನಲ್ಲಿ 2001ರಲ್ಲಿ ಬಂದ ಸುಯಿಕಾ ಕಾರ್ಡ್ ಈಗ ಫೋನಿನೊಳಗಿನ ಭದ್ರತಾ ಚಿಪ್ಪಿಗೂ ಇಳಿದಿದೆ. ಅದು ಚೀಲವೇ, ಪ್ಲಾಸ್ಟಿಕ್ ಬದಲು ಫೋನಿನಲ್ಲಿ ಕೂತಿದೆ ಅಷ್ಟೆ. ಈ ಚಿಪ್ಪಿಗೆ ಬೇಕಾದ ವಿದ್ಯುತ್ ಅತಿ ಕಡಿಮೆ. ಹಾಗಾಗಿ ಕೆಲವು ಐಫೋನುಗಳಲ್ಲಿ ಬ್ಯಾಟರಿ ಮುಗಿದು ಫೋನ್ ಆರಿದ ಮೇಲೂ ಐದು ಗಂಟೆಯವರೆಗೆ ಗೇಟು ದಾಟಬಹುದು.

ಲಂಡನ್ನಿನದು ಹೆಸರಿನ ದಾರಿ. ಅಲ್ಲಿನ ಬಸ್ಸುಗಳಲ್ಲಿ 2012ರ ಕೊನೆಗೆ, ಸುರಂಗ ರೈಲಿನಲ್ಲಿ 2014ರ ಸೆಪ್ಟೆಂಬರಿನಲ್ಲಿ ಸಾಮಾನ್ಯ ಬ್ಯಾಂಕ್ ಕಾರ್ಡುಗಳಿಗೆ ಅವಕಾಶವಾಯಿತು. ಇದನ್ನು ತಿಳಿಯಲು ನಮ್ಮ ಹೆದ್ದಾರಿಯ ಟೋಲ್ ಸಾಕು. ಲಾರಿಯ ಗಾಜಿಗೆ ಅಂಟಿಸಿದ ಫಾಸ್ಟ್ಯಾಗಿನಲ್ಲಿ ರೊಕ್ಕ ಇಲ್ಲ. ಇರುವುದು ಒಂದು ಸಂಖ್ಯೆ. ಟೋಲ್ ಆ ಸಂಖ್ಯೆ ಓದಿ, ತಡೆಪಟ್ಟಿಯಲ್ಲಿ ಇಲ್ಲ ಎಂದು ನೋಡಿ, ಬಿಡುತ್ತದೆ. ಹಣ ಬ್ಯಾಂಕಿನ ಕಡೆ ಕಳೆಯುತ್ತದೆ. ಲಂಡನ್ ಗೇಟೂ ಹಾಗೆಯೇ. ಕಾರ್ಡ್ ಅಸಲಿ ಎಂದು ಪರೀಕ್ಷಿಸಿ, "ಈ ಸಂಖ್ಯೆ, ಈ ನಿಲ್ದಾಣ, ಇಷ್ಟು ಗಂಟೆ" ಎಂದು ಬರೆದಿಟ್ಟುಕೊಂಡು ಬಿಡುತ್ತದೆ. ರಾತ್ರಿ ಒಂದು ದೊಡ್ಡ ಕಂಪ್ಯೂಟರ್ ಆ ದಿನದ ಎಲ್ಲ ಗುರುತುಗಳನ್ನು ಜೋಡಿಸಿ, ಯಾವ ಒಳಕ್ಕೆ ಯಾವ ಹೊರ ಎಂದು ಹೊಂದಿಸಿ, ದಿನದ ಗರಿಷ್ಠ ಮಿತಿ ದಾಟಿದ್ದರೆ ಹೆಚ್ಚಾದದ್ದನ್ನು ಬಿಟ್ಟು, ಉಳಿದದ್ದನ್ನು ಒಂದೇ ಸಲ ಬ್ಯಾಂಕಿನಿಂದ ಕೇಳುತ್ತದೆ. ಇಡೀ ದಿನವನ್ನು ಒಟ್ಟಿಗೆ ನೋಡಿ ಕಡಿಮೆ ದರ ಹಾಕುವುದು ಹೀಗೆ ಸುಲಭ. ಬ್ಯಾಂಕಿನಲ್ಲಿ ಹಣವಿಲ್ಲದಿದ್ದರೆ ಮೊದಲ ದಿನದ ನಷ್ಟ ಸಾರಿಗೆ ಸಂಸ್ಥೆಗೆ. ಮರುದಿನ ಆ ಸಂಖ್ಯೆ ತಡೆಪಟ್ಟಿಗೆ.

ಹೆಸರಿನ ದಾರಿಯಲ್ಲಿ ಎಡವುವ ಜಾಗ ಒಂದೇ, ಆದರೆ ಪೆಟ್ಟು ಜೋರು. ಫೋನಿಗೆ ಬ್ಯಾಂಕ್ ಕಾರ್ಡ್ ಸೇರಿಸಿದಾಗ ಫೋನಿಗೆ ಸಿಗುವುದು ಬೇರೆಯೇ ಒಂದು ಸಂಖ್ಯೆ. ಕಾರ್ಡಿನ ಮೇಲೆ ಅಚ್ಚಾದದ್ದಲ್ಲ. ಕೈಗಡಿಯಾರಕ್ಕೆ ಇನ್ನೊಂದು. ಹೋಗುವಾಗ ಫೋನ್ ತಾಗಿಸಿ, ಇಳಿಯುವಾಗ ಪ್ಲಾಸ್ಟಿಕ್ ಕಾರ್ಡ್ ತಾಗಿಸಿದರೆ, ಖಾತೆ ಒಂದೇ ಆದರೂ ಗೇಟಿನ ಲೆಕ್ಕದಲ್ಲಿ ಇಬ್ಬರು ಪ್ರಯಾಣಿಕರು: ಒಬ್ಬ ಒಳಗೆ ಹೋಗಿ ಹೊರಬರಲಿಲ್ಲ, ಇನ್ನೊಬ್ಬ ಒಳಹೋಗದೆಯೇ ಹೊರಬಂದ. ಎರಡಕ್ಕೂ ಗರಿಷ್ಠ ದರ ಬೀಳುತ್ತದೆ. ಮಕ್ಕಳನ್ನು ನೋಡಲು ಅಲ್ಲಿಗೆ ಹೋಗುವ ತಂದೆತಾಯಂದಿರು ಬೆಳಿಗ್ಗೆ ಯಾವುದನ್ನು ತಾಗಿಸಿದರೋ ರಾತ್ರಿಯವರೆಗೂ ಅದನ್ನೇ ತಾಗಿಸಬೇಕು.

ಚೀಲ ಕಳೆದರೆ ಏನು ಎಂಬ ಪ್ರಶ್ನೆ ಉಳಿಯಿತು. ಎನ್‌ಸಿಎಂಸಿ ಕಾರ್ಡ್ ಬಿದ್ದುಹೋದಾಗ ಬ್ಯಾಂಕಿಗೆ ಫೋನ್ ಮಾಡಿದರೆ ಆನ್‌ಲೈನ್ ಹಣಕ್ಕೆ ಬೀಗ ಬೀಳುತ್ತದೆ. ಚಿಪ್ಪಿನ ಹಣಕ್ಕೆ ಬೀಳುವುದಿಲ್ಲ: ಗೇಟು ಪಿನ್ ಕೇಳುವುದಿಲ್ಲ, ಬ್ಯಾಂಕನ್ನೂ ಕೇಳುವುದಿಲ್ಲ, ಸಿಕ್ಕವರು ತಾಗಿಸಿ ಹೋಗಬಹುದು. ಅಂಗಿಯ ಜೇಬಿನಿಂದ ಬಿದ್ದ ನೋಟಿನ ಹಾಗೆಯೇ ಅದು. ಆದ್ದರಿಂದ ವರ್ಷಕ್ಕೆ ಮೂರು ನಾಲ್ಕು ಸಲ ಬೆಂಗಳೂರಿಗೆ ಬಂದು ಹೋಗುವವರು ಚಿಪ್ಪಿನಲ್ಲಿ ಆ ಸಲದ ಓಡಾಟಕ್ಕೆ ಬೇಕಾದದ್ದು ಮತ್ತು ಕೊನೆಯ ಗೇಟಿಗೆ ಬೇಕಾದ 90, ಇಷ್ಟನ್ನು ಇಟ್ಟರೆ ಸಾಕು. ಉಳಿದದ್ದು ಖಾತೆಯಲ್ಲೇ ಇರಲಿ.